ಮಾರ್ಚ್‌ವರೆಗೆ ನೀರು ಉಳಿಯಬೇಕಾದರೆ: ಒಂದು ಶಾಲೆಯ ಮಳೆನೀರು ಕೊಯ್ಲಿನ ಲೆಕ್ಕ

ಕರ್ನಾಟಕಕ್ಕೆ ಐವತ್ತು ತುಂಬಿದ ಸುವರ್ಣ ವರ್ಷದಲ್ಲಿ, 2006–07ರಲ್ಲಿ, ರಾಜ್ಯ ಸರ್ಕಾರ ‘ಸುವರ್ಣ ಜಲ’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಸರ್ಕಾರಿ ಶಾಲೆಗಳ ಚಾವಣಿಯ ಮೇಲೆ ಬೀಳುವ ಮಳೆಯನ್ನು ಮಕ್ಕಳ ಕುಡಿಯುವ ನೀರಿಗೆ ಹಿಡಿದಿಡುವುದು ಅದರ ಗುರಿ. ಹಳ್ಳಿ ಹಳ್ಳಿಯ ಶಾಲೆಗೆ ತೊಟ್ಟಿ ಬಂತು, ಪೈಪು ಬಂತು, ಶೋಧಕ ಬಂತು. ಕೆಲವೇ ವರ್ಷಗಳಲ್ಲಿ ಹಲವು ಕಡೆ ಪೈಪು ಕಳಚಿತು, ನಲ್ಲಿ ಮುರಿಯಿತು, ತೊಟ್ಟಿ ಬಿರುಕು ಬಿಟ್ಟಿತು. ಕೆಲವು ಶಾಲೆಗಳಲ್ಲಿ ತೊಟ್ಟಿ ತುಂಬಿದರೂ ಆ ನೀರನ್ನು ಕುಡಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಇದಕ್ಕೆ ಕಳಪೆ ಕಾಮಗಾರಿಯನ್ನೋ ನಿರ್ಲಕ್ಷ್ಯವನ್ನೋ ದೂರಿ ಸುಮ್ಮನಾಗಬಹುದು. ಆದರೆ ಕಾಮಗಾರಿಗೆ ಮುಂಚೆ ಸಿದ್ಧವಾಗುವ ವಿನ್ಯಾಸ ವರದಿಯಲ್ಲೇ ಬಹುಪಾಲು ವ್ಯವಸ್ಥೆಗಳ ಹಣೆಬರಹ ತೀರ್ಮಾನವಾಗಿರುತ್ತದೆ. ಎಷ್ಟೋ ವರದಿಗಳು ಊರಿನ ವಾರ್ಷಿಕ ಮಳೆಯನ್ನು ಚಾವಣಿಯ ವಿಸ್ತೀರ್ಣದಿಂದ ಗುಣಿಸಿ, ‘ವರ್ಷಕ್ಕೆ ಇಷ್ಟು ಲಕ್ಷ ಲೀಟರ್ ನೀರು ಸಿಗುತ್ತದೆ’ ಎಂದು ಬರೆದು ಮುಗಿಸುತ್ತವೆ. ಆ ಅಂಕಿ ಸುಳ್ಳಲ್ಲ, ಆದರೆ ಅದರಿಂದ ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದು ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಎರಡು ವಿಷಯ ಬೇಕು. ನೀರು ಯಾವ ಬಳಕೆಗೆ ಎಂಬುದು ಮೊದಲು ಗೊತ್ತಾಗಬೇಕು. ಆಮೇಲೆ ಬರುವ ನೀರನ್ನೂ ಖರ್ಚಾಗುವ ನೀರನ್ನೂ ತಿಂಗಳು ತಿಂಗಳು ಕೂಡಿಸಿ ಕಳೆದು ನೋಡಬೇಕು.

ಒಂದು ಮಾದರಿ ಶಾಲೆಯನ್ನು ಇಟ್ಟುಕೊಂಡು ಈ ವರದಿ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಶಾಲೆ ಕೋಲಾರ ಸೀಮೆಯ ಹಳ್ಳಿಯೊಂದರಲ್ಲಿದೆ ಎಂದಿಟ್ಟುಕೊಳ್ಳಿ. ಮಕ್ಕಳು, ಮೇಷ್ಟ್ರುಗಳು, ಅಡುಗೆಯವರು ಎಲ್ಲ ಸೇರಿ 200 ಜನ. ಉದ್ದನೆಯ ಆರ್‌ಸಿಸಿ ಕಟ್ಟಡದ ತಾರಸಿ 240 ಚದರ ಮೀಟರ್, ಹಳೆಯ ಮಂಗಳೂರು ಹೆಂಚಿನ ಕಟ್ಟಡದ್ದು 120 ಚದರ ಮೀಟರ್. ಮುಂದೆ ಸುಮಾರು ಮುಕ್ಕಾಲು ಎಕರೆ ಮೈದಾನ. ಆವರಣದಲ್ಲಿ ಆಳದ ಕೊಳವೆಬಾವಿಯಿದೆ, ಅದರ ನೀರಿನಲ್ಲಿ ಫ್ಲೋರೈಡ್ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇದು ಹೊಸ ಸುದ್ದಿಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗೂ ತೊಂದರೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆನೀರಿನಲ್ಲಾದರೆ ಅದು ಇಲ್ಲವೆನ್ನುವಷ್ಟು ಕಡಿಮೆ.

ಯಾವ ಬಳಕೆಗೆ?

ಶಾಲೆಯ ನೀರಿನ ಖರ್ಚಿನಲ್ಲಿ ಎರಡು ಬಗೆಯಿದೆ. ಕುಡಿಯುವುದು ಮತ್ತು ಬಿಸಿಯೂಟದ ಅಡುಗೆ ಒಂದು ಬಗೆ. ಇದಕ್ಕೆ ತಲೆಗೆ ದಿನಕ್ಕೆ ಸುಮಾರು 3 ಲೀಟರ್ ಹಿಡಿದರೆ 200 ಜನಕ್ಕೆ 600 ಲೀಟರ್. ಶೌಚಾಲಯ, ಕೈಕಾಲು ತೊಳೆಯುವುದು, ಪಾತ್ರೆ, ನೆಲ ಒರೆಸುವುದು ಇನ್ನೊಂದು ಬಗೆ. ಇದಕ್ಕೆ ತಲೆಗೆ 15 ಲೀಟರ್ ಅಂದುಕೊಂಡರೂ ದಿನಕ್ಕೆ 3,000 ಲೀಟರ್ ಬೇಕು.

ಬೇಸಿಗೆ ರಜೆ, ದಸರಾ ರಜೆ, ಭಾನುವಾರಗಳನ್ನು ಬಿಟ್ಟು ಶಾಲೆ 238 ದಿನ ನಡೆಯುತ್ತದೆ ಎಂದುಕೊಂಡರೆ, ಎರಡನೆಯ ಬಗೆಯ ಖರ್ಚೊಂದೇ ವರ್ಷಕ್ಕೆ ಏಳು ಲಕ್ಷ ಲೀಟರ್ ದಾಟುತ್ತದೆ. ಅಷ್ಟು ನೀರು ಈ ಶಾಲೆಯ ಚಾವಣಿಯ ಮೇಲೆ ಬೀಳುವುದೇ ಇಲ್ಲ. ಆದ್ದರಿಂದ ವರದಿಯ ಮೊದಲ ತೀರ್ಮಾನ ಹೀಗಿರುತ್ತದೆ: ಶೌಚಾಲಯಕ್ಕೆ ಕೊಳವೆಬಾವಿಯ ನೀರು, ಬಾಯಿಗೆ ಮತ್ತು ಅನ್ನದ ಪಾತ್ರೆಗೆ ಮಳೆನೀರು. ಫ್ಲೋರೈಡ್ ಇರುವ ನೀರಿನಲ್ಲಿ ಶೌಚಾಲಯ ತೊಳೆದರೆ ಯಾರಿಗೂ ಕೇಡಿಲ್ಲ.

ಈ ತೀರ್ಮಾನವನ್ನು ಬರೆದಿಡದ ವರದಿಯ ಗತಿ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡೂ ನೀರು ಒಂದೇ ಸಂಪಿಗೆ ಹೋಗುತ್ತದೆ, ಕೊಳವೆಬಾವಿಯ ನೀರು ಮಳೆನೀರಿನೊಂದಿಗೆ ಬೆರೆಯುತ್ತದೆ, ಹತ್ತಾರು ಸಾವಿರ ಲೀಟರ್ ಒಳ್ಳೆಯ ನೀರು ವಾರಗಳಲ್ಲೇ ಶೌಚಾಲಯದ ಪಾಲಾಗುತ್ತದೆ.

ಚಾವಣಿ ಎಷ್ಟು ಕೊಡುತ್ತದೆ?

ಮಳೆ ಹಿಡಿಯುವ ಜಾಗದ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್. ಬಿದ್ದದ್ದೆಲ್ಲ ಪೈಪಿಗೆ ಬರುವುದಿಲ್ಲ. ಕಾದ ತಾರಸಿ ಒಂದಷ್ಟನ್ನು ಹೀರುತ್ತದೆ, ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಸಿಡಿದು ಹೊರಬೀಳುತ್ತದೆ, ಮೊದಲ ಹನಿಗಳು ಕೊಳೆ ತೊಳೆಯುವುದಕ್ಕೇ ಖರ್ಚಾಗುತ್ತವೆ. ಇದೆಲ್ಲ ಕಳೆದು ಆರ್‌ಸಿಸಿ ತಾರಸಿಗೂ ಹೆಂಚಿಗೂ ನೂರಕ್ಕೆ ಎಂಬತ್ತು ಪಾಲು ಸಿಗುತ್ತದೆ ಎಂದು ಹಿಡಿಯುವುದು ರೂಢಿ. ತಗಡಿನ ಚಾವಣಿ ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತದೆ. ಕಲ್ನಾರು ಶೀಟಿನ ಚಾವಣಿ ಇದ್ದರೆ ಅದನ್ನು ಕುಡಿಯುವ ನೀರಿನ ಲೆಕ್ಕದಿಂದ ಕೈಬಿಡುವುದೇ ಒಳ್ಳೆಯದು. ಮಣ್ಣಿನ ಮೈದಾನದಿಂದ ಹರಿದು ಬರುವುದು ನೂರಕ್ಕೆ ಇಪ್ಪತ್ತು ಪಾಲು ಮಾತ್ರ, ಅದೂ ಕೆಸರು ನೀರು.

ನಮ್ಮ ಶಾಲೆಯ ಎರಡೂ ಚಾವಣಿ ಸೇರಿ 360 ಚದರ ಮೀಟರ್. ಅದರ ಎಂಬತ್ತು ಪಾಲು ಎಂದರೆ ಪ್ರತಿ ಮಿಲಿಮೀಟರ್ ಮಳೆಗೆ 288 ಲೀಟರ್. ಈ 288 ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.

ಕೋಲಾರದ ಕಡೆ ವರ್ಷದ ಮಳೆ ಸರಾಸರಿ 740 ಮಿ.ಮೀ. ಆಸುಪಾಸು. ಹಾಗಾದರೆ ವರ್ಷಕ್ಕೆ ಸುಮಾರು 2,13,000 ಲೀಟರ್ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಬೇಕಾದದ್ದು 600 ಲೀಟರ್‌ನಂತೆ 238 ದಿನಕ್ಕೆ ಸುಮಾರು 1,43,000 ಲೀಟರ್. ಬೇಕಾದದ್ದಕ್ಕಿಂತ 70,000 ಲೀಟರ್ ಹೆಚ್ಚೇ ಇದೆ. ಇಷ್ಟಕ್ಕೇ ನಿಂತ ವರದಿ ನೀರು ಧಾರಾಳವಾಗಿದೆ ಎಂದು ಬರೆದು, ಹಣ ಎಷ್ಟಿದೆಯೋ ಅಷ್ಟಕ್ಕೆ ಐದೋ ಹತ್ತೋ ಸಾವಿರ ಲೀಟರಿನ ತೊಟ್ಟಿ ಕಟ್ಟಿಸುತ್ತದೆ. ಹತ್ತು ಸಾವಿರ ಲೀಟರ್ ಈ ಶಾಲೆಗೆ ಹದಿನೇಳು ದಿನವೂ ಬರುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್: ಲೆಕ್ಕ ನಿಲ್ಲುವ ಜಾಗ

ಬಯಲುಸೀಮೆಯ ಮಳೆಗೆ ಅದರದೇ ನಡೆಯಿದೆ. ಏಪ್ರಿಲ್, ಮೇನಲ್ಲಿ ಗುಡುಗಿನ ಮಳೆ; ಜೂನ್, ಜುಲೈನಲ್ಲಿ ಆಗೊಮ್ಮೆ ಈಗೊಮ್ಮೆ; ಆಗಸ್ಟ್‌ನಿಂದ ಏರುತ್ತಾ ಹೋಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು; ನವೆಂಬರ್‌ನಲ್ಲಿ ಹಿಂಗಾರಿನ ಬಾಲ. ಆಮೇಲೆ ಮಾರ್ಚ್ ಮುಗಿಯುವ ತನಕ ಆಕಾಶ ಹೆಚ್ಚು ಕಡಿಮೆ ಬರಿದು. ಶಾಲೆ ಮಾತ್ರ ಡಿಸೆಂಬರ್‌ನಲ್ಲೂ ನಡೆಯುತ್ತದೆ, ಮಾರ್ಚ್‌ನ ಪರೀಕ್ಷೆಯಲ್ಲೂ ನಡೆಯುತ್ತದೆ.

ಲೆಕ್ಕಕ್ಕೆ ತಿಂಗಳವಾರು ಮಳೆಯನ್ನು ಹೀಗೆ ಹಂಚಿಕೊಳ್ಳೋಣ: ಜೂನ್ 65 ಮಿ.ಮೀ., ಜುಲೈ 83, ಆಗಸ್ಟ್ 105, ಸೆಪ್ಟೆಂಬರ್ 140, ಅಕ್ಟೋಬರ್ 145, ನವೆಂಬರ್ 60. ಡಿಸೆಂಬರ್‌ನಲ್ಲಿ 15, ಜನವರಿಯಲ್ಲಿ 4, ಫೆಬ್ರುವರಿಯಲ್ಲಿ 5, ಮಾರ್ಚ್‌ನಲ್ಲಿ 11. ಉಳಿದದ್ದು ಏಪ್ರಿಲ್ ಮತ್ತು ಮೇ ತಿಂಗಳ ಪಾಲು. ನಿಜವಾದ ವರದಿ ಬರೆಯುವವರು ಹತ್ತಿರದ ಮಳೆಮಾಪನ ಕೇಂದ್ರದ ಹತ್ತಾರು ವರ್ಷಗಳ ತಿಂಗಳವಾರು ದಾಖಲೆ ತಂದು ಈ ಜಾಗದಲ್ಲಿ ಕೂರಿಸಬೇಕು.

ಶಾಲೆ ತಿಂಗಳಿಗೆ ಇಪ್ಪತ್ತನಾಲ್ಕು ದಿನ ನಡೆದರೆ ಖರ್ಚು 14,400 ಲೀಟರ್. ಜೂನ್ ತಿಂಗಳ ಮಳೆ 18,700 ಲೀಟರ್ ಕೊಡುತ್ತದೆ. ಖರ್ಚು ಕಳೆದು 4,300 ಉಳಿಯುತ್ತದೆ. ಜುಲೈನಲ್ಲಿ ಇನ್ನಷ್ಟು, ಆಗಸ್ಟ್‌ನಲ್ಲಿ ಇನ್ನೂ ಹೆಚ್ಚು. ಸೆಪ್ಟೆಂಬರ್ ಬಂದರೆ ಸಿಗುವ ನೀರು 40,000 ಲೀಟರ್, ಖರ್ಚು ಅದರ ಮೂರರಲ್ಲೊಂದು ಪಾಲು. ನವೆಂಬರ್ ಕೊನೆಯವರೆಗೂ ಯಾವ ತಿಂಗಳೂ ಕೊರತೆಯಿಲ್ಲ.

ಡಿಸೆಂಬರ್‌ನಲ್ಲಿ ಚಿತ್ರ ತಿರುಗುತ್ತದೆ. ಬರುವುದು 4,300, ಬೇಕಾದದ್ದು 14,400. ಜನವರಿ, ಫೆಬ್ರುವರಿಯಲ್ಲಿ ಬರುವುದು ಸಾವಿರ, ಸಾವಿರದ ನಾನೂರು ಲೀಟರ್ ಮಾತ್ರ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳ ಖರ್ಚು 57,600 ಲೀಟರ್, ಆ ಅವಧಿಯಲ್ಲಿ ಚಾವಣಿ ಕೊಡುವುದು ಸುಮಾರು 10,100. ಕೊರತೆ 47,500 ಲೀಟರ್. ಏಪ್ರಿಲ್‌ನಲ್ಲಿ ಶಾಲೆ ನಡೆಯುವುದು ಒಂದು ವಾರದಷ್ಟು, ಆ ತಿಂಗಳ ಮಳೆಯೇ ಅದಕ್ಕೆ ಸಾಕು.

ತೊಟ್ಟಿಯ ಅಳತೆ ಬರುವುದು ಈ ಕೊರತೆಯಿಂದ. ನವೆಂಬರ್ 30ರ ಸಂಜೆ ತೊಟ್ಟಿಯಲ್ಲಿ 47,500 ಲೀಟರ್ ಇರಬೇಕು, ಅಷ್ಟೆ. ಬಹುಪಾಲು ವರ್ಷಗಳಲ್ಲಿ ಅದು ಸೆಪ್ಟೆಂಬರ್ ಕೊನೆಗೇ ತುಂಬಿ, ಅಕ್ಟೋಬರ್‌ನ ಮಳೆ ಹೊರಗೆ ಹರಿಯುತ್ತದೆ. ಇನ್ನೂ ದೊಡ್ಡ ತೊಟ್ಟಿ ಕಟ್ಟಿದರೆ ಈ ಶಾಲೆಗೆ ಹೆಚ್ಚಿನ ಪ್ರಯೋಜನವಿಲ್ಲ, ಚಿಕ್ಕದು ಕಟ್ಟಿದರೆ ಫೆಬ್ರುವರಿಯಲ್ಲೋ ಅದಕ್ಕೂ ಮೊದಲೋ ನಲ್ಲಿ ಒಣಗುತ್ತದೆ.

ಮಳೆ ಕೈಕೊಟ್ಟ ವರ್ಷ? ವರದಿ ಅದನ್ನೂ ಪರೀಕ್ಷಿಸಬೇಕು. ಪ್ರತಿ ತಿಂಗಳ ಮಳೆಯೂ ನೂರಕ್ಕೆ ಎಪ್ಪತ್ತರಷ್ಟೇ ಬಂತು ಎಂದು ಇದೇ ಲೆಕ್ಕವನ್ನು ಮತ್ತೆ ಹಾಕಿ ನೋಡಿದರೆ, ಆಗಲೂ ನವೆಂಬರ್ ಹೊತ್ತಿಗೆ ತೊಟ್ಟಿ ತುಂಬುತ್ತದೆ. ಮಾರ್ಚ್ ಕೊನೆಯಲ್ಲಿ ನಾಲ್ಕೈದು ದಿನದ ನೀರು ಮಾತ್ರ ಕಡಿಮೆ ಬೀಳುತ್ತದೆ. ಹಿಂಗಾರು ಪೂರ್ತಿ ಕೈಕೊಟ್ಟರೆ ಕೊರತೆ ಇನ್ನೂ ಹೆಚ್ಚು. ಅಂಥ ವರ್ಷಕ್ಕೆ ಒಂದು ನಿಯಮವನ್ನು ಮೊದಲೇ ಬರೆದಿಡಬಹುದು: ಜನವರಿ ಮೊದಲ ವಾರ ತೊಟ್ಟಿ ಅರ್ಧಕ್ಕಿಂತ ಕೆಳಗಿದ್ದರೆ ಮಳೆನೀರು ಕುಡಿಯುವುದಕ್ಕೆ ಮಾತ್ರ, ಅಡುಗೆಗೆ ಪಂಚಾಯ್ತಿಯ ಶುದ್ಧ ನೀರಿನ ಘಟಕದಿಂದ ಕ್ಯಾನು.

ಎರಡು ತೊಟ್ಟಿ, ನೆಲದ ಮೇಲೆ

50,000 ಲೀಟರನ್ನು ಒಂದೇ ತೊಟ್ಟಿಯಲ್ಲಿ ಹಿಡಿಯುವುದಕ್ಕಿಂತ 25,000ದ ಎರಡು ತೊಟ್ಟಿ ಒಳ್ಳೆಯದು. ಒಂದನ್ನು ತೊಳೆಯುವಾಗ, ಒಂದರ ಬಿರುಕು ಮುಚ್ಚುವಾಗ ಇನ್ನೊಂದು ನಡೆಯುತ್ತಿರುತ್ತದೆ. 4 ಮೀಟರ್ ವ್ಯಾಸದ ದುಂಡನೆಯ ತೊಟ್ಟಿಯಲ್ಲಿ ನೀರು 2 ಮೀಟರ್ ನಿಂತರೆ ಸರಿಯಾಗಿ 25,000 ಲೀಟರ್. ಮೇಲೆ ಒಂದು ಗೇಣಿನಷ್ಟು ಖಾಲಿ ಬಿಟ್ಟು ಗೋಡೆಯನ್ನು 2.25 ಮೀಟರ್ ಎತ್ತರಿಸಬೇಕು. ಕಬ್ಬಿಣದ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿ ಕಟ್ಟುವ ಫೆರೋಸಿಮೆಂಟ್ ತೊಟ್ಟಿ ಈ ಗಾತ್ರಕ್ಕೆ ಹೊಂದುತ್ತದೆ. ದುಂಡಗಿದ್ದರೆ ನೀರಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ, ಮೂಲೆ ಬಿರಿಯುವ ಭಯವಿಲ್ಲ. ತುಂಬಿದ ಒಂದೊಂದು ತೊಟ್ಟಿಯ ನೀರಿನ ತೂಕವೇ 25 ಟನ್ ಆದ್ದರಿಂದ ಕೆಳಗೆ ದಿಮ್ಮಸು ಹೊಡೆದ ಗಟ್ಟಿ ನೆಲ, ಅದರ ಮೇಲೆ ಕಾಂಕ್ರೀಟ್ ಹಾಸು ಇರಲೇಬೇಕು.

ನೆಲದಡಿಯ ಸಂಪು ಜಾಗ ಉಳಿಸುತ್ತದೆ, ಆದರೆ ಹಳ್ಳಿಯ ಶಾಲೆಗೆ ಎರಡು ತೊಂದರೆ ತರುತ್ತದೆ. ಅದು ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಕೊಳೆ ನೀರು ಒಳಗೆ ಸೇರಿದರೂ ತಿಳಿಯುವುದಿಲ್ಲ. ನೀರೆತ್ತಲು ಮೋಟರ್ ಬೇಕು, ಕರೆಂಟ್ ಬೇಕು. ನೆಲದ ಮೇಲಿನ ತೊಟ್ಟಿ ಸೋರಿದರೆ ಗೋಡೆಯ ಮೇಲೆ ಒದ್ದೆ ಪಟ್ಟೆ ಮೂಡುತ್ತದೆ, ನಲ್ಲಿ ತಿರುಗಿಸಿದರೆ ನೀರು ತಾನಾಗಿ ಬರುತ್ತದೆ. ತಾರಸಿ ನೆಲದಿಂದ 3 ಮೀಟರ್ ಮೇಲಿರುವುದರಿಂದ ಶೋಧಕ ಕೂರಿಸಲೂ ಎತ್ತರ ಸಾಕಾಗುತ್ತದೆ.

ತೊಟ್ಟಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ ಕಟ್ಟುತ್ತದೆ. ಮುಚ್ಚಳಕ್ಕೆ ಬೀಗ ಇರಬೇಕು; ಉಕ್ಕಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆ ನುಗ್ಗದ ಸಣ್ಣ ಜಾಲರಿ ಇರಬೇಕು. ನಲ್ಲಿಯನ್ನು ತಳದಿಂದ ಹತ್ತು ಸೆಂಟಿಮೀಟರ್ ಮೇಲೆ ಇಟ್ಟರೆ ತಳದ ಗಸಿ ಲೋಟಕ್ಕೆ ಬರುವುದಿಲ್ಲ. ಗಸಿ ಹೊರಬಿಡಲು ತಳಮಟ್ಟದಲ್ಲಿ ಬೇರೆಯದೇ ಒಂದು ವಾಲ್ವ್ ಇರುತ್ತದೆ.

ಮೊದಲ ಮಳೆಯ ಕೊಳೆ ಎಲ್ಲಿಗೆ?

ಚಾವಣಿಯ ಮೇಲೆ ಧೂಳು, ಎಲೆ, ಹಕ್ಕಿ ಹಿಕ್ಕೆ, ಕೋತಿಗಳ ಗಲೀಜು ಕೂತಿರುತ್ತದೆ. ಬಿಡುವಿನ ನಂತರ ಬೀಳುವ ಮಳೆಯ ಮೊದಲ ಎರಡು ಮಿಲಿಮೀಟರ್ ಇದನ್ನೆಲ್ಲ ತೊಳೆದುಕೊಂಡು ಬರುತ್ತದೆ. ಆ ನೀರು ತೊಟ್ಟಿಗೆ ಹೋಗದಂತೆ ಹೊರಬಿಡುವುದೇ ಕುಡಿಯುವ ನೀರಿನ ವ್ಯವಸ್ಥೆಯ ಅತಿ ಮುಖ್ಯ ಭಾಗ. ಹಾಳಾಗುವುದೂ ಹೆಚ್ಚಾಗಿ ಇಲ್ಲಿಯೇ.

ಅನೇಕ ಕಡೆ ಇಳಿಪೈಪಿನ ಬುಡದಲ್ಲಿ ಒಂದೆರಡು ಮೀಟರ್ ನಾಲ್ಕಿಂಚಿನ ಪೈಪನ್ನು ನಿಲ್ಲಿಸಿ, ತುದಿಗೆ ಮುಚ್ಚಳ ಹಾಕಿ, ಮೊದಲ ಮಳೆಯ ನೀರಿಗೆ ವ್ಯವಸ್ಥೆಯಾಯಿತು ಎಂದುಕೊಳ್ಳುತ್ತಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಹಿಡಿಯುವುದು ಎಂಟು ಲೀಟರ್ ಕೂಡ ಇಲ್ಲ. ನಮ್ಮ ಶಾಲೆಯ 360 ಚದರ ಮೀಟರ್ ಮೇಲೆ ಎರಡು ಮಿಲಿಮೀಟರ್ ಎಂದರೆ 720 ಲೀಟರ್. ಅದನ್ನು ಪೈಪಿನಲ್ಲೇ ಹಿಡಿಯಬೇಕಾದರೆ ತೊಂಬತ್ತು ಮೀಟರ್ ಉದ್ದದ ಪೈಪು ಬೇಕು. ಹಾಗಾಗಿ ಆರ್‌ಸಿಸಿ ತಾರಸಿಯ ಪೈಪುಗಳು ಕೂಡುವಲ್ಲಿ 500 ಲೀಟರಿನ ಒಂದು ಪ್ಲಾಸ್ಟಿಕ್ ಟ್ಯಾಂಕು, ಹೆಂಚಿನ ಕಟ್ಟಡಕ್ಕೆ 250 ಲೀಟರಿನ ಒಂದು ಡ್ರಮ್ಮು ಇಡುವುದು ಸರಿಯಾದ ದಾರಿ. ಕೊಳೆ ನೀರು ಮೊದಲು ಇವಕ್ಕೆ ತುಂಬಿ, ಬಾಯಿಯಲ್ಲಿರುವ ತೇಲುಚೆಂಡು ಮೇಲೆದ್ದು ದಾರಿ ಮುಚ್ಚಿದ ಮೇಲೆ ಮುಂದಿನ ನೀರು ಶೋಧಕದ ಕಡೆ ತಿರುಗುತ್ತದೆ. ತಳದಲ್ಲಿ ಸಣ್ಣದೊಂದು ತೂತಿದ್ದು, ಒಂದು ದಿನದೊಳಗೆ ಟ್ಯಾಂಕು ತಾನಾಗಿ ಖಾಲಿಯಾಗಿ ಮುಂದಿನ ಮಳೆಗೆ ಅಣಿಯಾಗುತ್ತದೆ. ಆ ತೂತು ಕಟ್ಟಿಕೊಂಡರೆ ಟ್ಯಾಂಕು ತುಂಬಿಯೇ ಇರುತ್ತದೆ, ಕೊಳೆಯೆಲ್ಲ ನೇರವಾಗಿ ಕುಡಿಯುವ ನೀರಿಗೆ ಹೋಗುತ್ತದೆ. ಮಳೆ ಬಂದ ಮರುದಿನ ಡ್ರಮ್ಮನ್ನು ತಟ್ಟಿ ನೋಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಇಳಿಪೈಪುಗಳ ಸಂಖ್ಯೆಯನ್ನೂ ಲೆಕ್ಕ ಹಾಕಿಯೇ ಗೊತ್ತು ಮಾಡಬೇಕು. ಗಂಟೆಗೆ 75 ಮಿ.ಮೀ. ವೇಗದ ಬಿರುಮಳೆಯಲ್ಲಿ ಒಂದು ನಾಲ್ಕಿಂಚಿನ ಪೈಪು ಸುಮಾರು 57 ಚದರ ಮೀಟರ್ ಚಾವಣಿಯ ನೀರನ್ನು ಇಳಿಸಬಲ್ಲದು. 240 ಚದರ ಮೀಟರಿನ ತಾರಸಿಗೆ ಐದು ಪೈಪು ಬೇಕು. ಎರಡೇ ಇದ್ದರೆ ತಾರಸಿಯಲ್ಲಿ ನೀರು ನಿಂತು ಗೋಡೆಗೆ ಇಳಿಯುತ್ತದೆ. ಹೆಂಚಿನ ಸೂರಿನ ಅಂಚಿಗೆ ಕಟ್ಟುವ ದೋಣಿಗೆ ಪ್ರತಿ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಕೊಡಬೇಕು, ಹಿಡಿಕೆಗಳು ಹತ್ತಿರ ಹತ್ತಿರ ಇರಬೇಕು. ದೋಣಿ ನಡುವೆ ಜೋತುಬಿದ್ದ ಜಾಗದಲ್ಲೇ ಎಲೆ ಕೊಳೆಯುವುದು, ಸೊಳ್ಳೆ ಮರಿ ಮಾಡುವುದು.

ಶೋಧಕಕ್ಕೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮು ಹಳೆಯ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ರೂಪಿಸಿದ ‘ಪಾಪ್ ಅಪ್’ ಶೋಧಕ ಇನ್ನೊಂದು. ಅದರ ಜಾಲರಿ ಕಸದಿಂದ ಕಟ್ಟಿಕೊಂಡಾಗ ನೀರಿನ ಒತ್ತಡಕ್ಕೆ ಶೋಧಕವೇ ಮೇಲೆದ್ದು ನೀರು ಹೊರಗೆ ಚೆಲ್ಲುತ್ತದೆ. ಕಟ್ಟಿಕೊಂಡಿದೆ ಎಂಬುದು ದೂರದಿಂದಲೇ ಕಾಣುತ್ತದೆ, ತಾರಸಿಯಲ್ಲೂ ನೀರು ನಿಲ್ಲುವುದಿಲ್ಲ.

ಯಾವ ಶೋಧಕವೂ ರೋಗಾಣುಗಳನ್ನು ಪೂರ್ತಿ ತಡೆಯುವುದಿಲ್ಲ. 25,000 ಲೀಟರಿನ ತೊಟ್ಟಿಗೆ, ಕಾಲು ಪಾಲು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 200 ಗ್ರಾಂನಷ್ಟನ್ನು ಬಕೆಟ್ ನೀರಿನಲ್ಲಿ ಕಲಸಿ, ತಿಳಿಯನ್ನಷ್ಟೇ ಸುರಿದು ಮರುದಿನದಿಂದ ಬಳಸಬಹುದು. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಒಂದೆರಡು ದಿನದಲ್ಲಿ ನೀರು ಕಪ್ಪಾಯಿತೆಂದರೆ ಮಲಮೂಲದ ಸೂಕ್ಷ್ಮಾಣುಗಳ ಸುಳಿವಿದೆ ಎಂದರ್ಥ. ಮಳೆನೀರು ಕುಡಿಯಲು ಹಿಂಜರಿಯುವ ಮನೆಯವರಿಗೆ ಭರವಸೆ ಕೊಡುವುದು ಇಂಥ ಪರೀಕ್ಷೆಯೇ. ಅದರ ಖರ್ಚನ್ನು ವರದಿಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.

ಉಕ್ಕಿದ ನೀರಿಗೆ ಇಂಗುಬಾವಿ

ತೊಟ್ಟಿ ತುಂಬಿದ ಮೇಲೆ ಅಕ್ಟೋಬರ್‌ನ ಮಳೆ ಭೂಮಿಗೆ ಹೋಗಬೇಕು. ಇಂಗುಗುಂಡಿ ಎಂದ ಕೂಡಲೇ ಎರಡು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ ಬಾಯಿತನಕ ಬೋಲ್ಡರು, ಜಲ್ಲಿ ತುಂಬುವುದು ಎಲ್ಲೆಡೆ ಕಾಣುವ ಪದ್ಧತಿ. ಆ ಗುಂಡಿಯ ಅಳತೆ 8,000 ಲೀಟರ್. ಕಲ್ಲು ತುಂಬಿದ ಮೇಲೆ ಸಂದುಗಳಲ್ಲಿ ಉಳಿಯುವ ಜಾಗ 3,000 ಲೀಟರ್ ಮಾತ್ರ. ಕೆಲವು ಮಳೆಗಾಲ ಕಳೆದ ಮೇಲೆ ಸಂದುಗಳಿಗೆ ಹೂಳು ಸೇರುತ್ತದೆ, ಕಲ್ಲನ್ನೆಲ್ಲ ಹೊರತೆಗೆಯದೆ ಅದನ್ನು ತೆಗೆಯುವಂತಿಲ್ಲ.

ಇದರ ಬದಲು ಸಿಮೆಂಟ್ ರಿಂಗು ಇಳಿಸಿದ ಖಾಲಿ ಇಂಗುಬಾವಿ ಮೇಲು. ಒಂದು ಮೀಟರ್ ವ್ಯಾಸ, ಆರು ಮೀಟರ್ ಆಳದ ಬಾವಿ 4,700 ಲೀಟರ್ ಹಿಡಿಯುತ್ತದೆ. ರಿಂಗುಗಳ ನಡುವೆ ಗಾರೆ ಹಾಕದೆ ಸಂದು ಬಿಟ್ಟು, ರಿಂಗಿನ ಹೊರಗೆ ಸುತ್ತಲೂ ಜಲ್ಲಿ ತುಂಬಿದರೆ ನೀರು ಪಕ್ಕಗಳಿಂದಲೂ ಇಂಗುತ್ತದೆ. ತಳಕ್ಕೆ ಅರ್ಧ ಮೀಟರಿನಷ್ಟು ಜಲ್ಲಿ ಸಾಕು. ಹೂಳು ತುಂಬಿದಾಗ ಆಳು ಇಳಿದು ತೆಗೆಯಬಹುದು. ಶಾಲೆಯ ಆವರಣವಾದ್ದರಿಂದ ಮಕ್ಕಳು ಎತ್ತಲಾಗದ ಕಾಂಕ್ರೀಟ್ ಮುಚ್ಚಳವಿಲ್ಲದೆ ಇಂಥ ಬಾವಿಯನ್ನು ಒಂದು ದಿನವೂ ಬಿಡಬಾರದು.

ಬಾವಿ ಎಷ್ಟು ಬೇಕು ಎಂಬುದನ್ನು ಮಣ್ಣು ಹೇಳುತ್ತದೆ. ಬಾವಿ ತೋಡುವ ಜಾಗದಲ್ಲೇ ಮೀಟರ್ ಆಳದ ಸಣ್ಣ ಗುಂಡಿ ತೆಗೆದು ನೀರು ತುಂಬಿಸಿ, ಸುತ್ತಲಿನ ಮಣ್ಣು ಚೆನ್ನಾಗಿ ನೆನೆಯಲು ಬಿಟ್ಟು, ಮತ್ತೆ ತುಂಬಿಸಿ, ಗಂಟೆಗೆ ನೀರು ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ಒಣ ಮಣ್ಣಿನಲ್ಲಿ ಅಳೆದ ಅಂಕಿ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಮಣ್ಣು ಆಗಲೇ ನೆನೆದಿರುತ್ತದೆ. ಗಂಟೆಗೆ 20 ಮಿ.ಮೀ. ಇಂಗುವ ಮಣ್ಣು ಎಂದುಕೊಂಡರೆ, ಅರ್ಧ ತುಂಬಿದ ಬಾವಿಯ ಸುಮಾರು 10 ಚದರ ಮೀಟರ್ ಒದ್ದೆ ಮೈಯಿಂದ ಗಂಟೆಗೆ 200 ಲೀಟರ್, ದಿನಕ್ಕೆ ಹೆಚ್ಚು ಕಡಿಮೆ 5,000 ಲೀಟರ್ ಇಳಿಯುತ್ತದೆ. ಅಂದರೆ ತುಂಬಿದ ಬಾವಿ ಮರುದಿನದ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ.

ಅಕ್ಟೋಬರ್‌ನ ಸಂಜೆಯೊಂದರಲ್ಲಿ ಗಂಟೆಯೊಳಗೆ 30 ಮಿ.ಮೀ. ಸುರಿಯಿತು, ತೊಟ್ಟಿಗಳು ಆಗಲೇ ತುಂಬಿವೆ ಎಂದುಕೊಳ್ಳಿ. 288ರ ಲೆಕ್ಕದಲ್ಲಿ 8,600 ಲೀಟರ್ ಹೊರಗೆ ಬರುತ್ತದೆ. ಎರಡು ಬಾವಿಗಳು ಒಟ್ಟು 9,400 ಲೀಟರ್ ಹಿಡಿಯುವುದರಿಂದ ಅದು ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಜೋರು ಮಳೆ ಬಂದರೆ ಬಾವಿಯಿಂದಲೂ ಉಕ್ಕುವ ನೀರು ಮೈದಾನದ ತಗ್ಗಿಗೆ ಹೋಗಲು ಕಾಲುವೆ ಬಿಟ್ಟಿರಬೇಕು. ಬಾವಿ ಕಟ್ಟಡದ ಪಾಯದಿಂದ ಕನಿಷ್ಠ ಮೂರು ಮೀಟರ್, ಶೌಚಾಲಯದ ಗುಂಡಿಯಿಂದ ಹದಿನೈದು ಮೀಟರ್ ದೂರವಿರಬೇಕು.

ಮೈದಾನದ ಕೆಂಪು ನೀರನ್ನು ಈ ಬಾವಿಗಳಿಗೆ ಬಿಡಬಾರದು. ಅದರ ಹೂಳು ಬಾವಿಯ ಪಕ್ಕದ ಸಂದುಗಳನ್ನೇ ಮುಚ್ಚಿಬಿಡುತ್ತದೆ. ಮೈದಾನದ ಅಂಚಿನಲ್ಲಿ ಇಳಿಜಾರಿಗೆ ಅಡ್ಡಲಾಗಿ ಗೇಣುದ್ದದ ಬದು, ಅದರ ಮಗ್ಗುಲಲ್ಲಿ ಒಂದು ಕಾಲುವೆ, ಮೂಲೆಯಲ್ಲೊಂದು ಆಳವಿಲ್ಲದ ತಗ್ಗು ಮಾಡಿ ಗಿಡ ನೆಟ್ಟರೆ ಆ ನೀರು ಅಲ್ಲೇ ನಿಂತು ನಿಧಾನವಾಗಿ ಇಳಿಯುತ್ತದೆ. ಕೊಳವೆಬಾವಿಯ ಕೇಸಿಂಗ್ ಪೈಪಿಗೇ ತೂತು ಕೊರೆದು ಮಳೆನೀರು ಇಳಿಸುವ ಪದ್ಧತಿಯೂ ರಾಜ್ಯದಲ್ಲಿ ಚಾಲ್ತಿಯಲ್ಲಿದೆ. ಶೋಧಿಸದ ನೀರು ಆ ದಾರಿಯಲ್ಲಿ ಹೋದರೆ ಮಣ್ಣಿನ ಪದರಗಳ ಸೋಸುವಿಕೆಯನ್ನು ತಪ್ಪಿಸಿ ನೇರವಾಗಿ ಅಂತರ್ಜಲಕ್ಕೆ ಬೀಳುತ್ತದೆ.

ಇಂಗಿಸಿದ ನೀರಿನಿಂದ ಏನು ನಿರೀಕ್ಷಿಸಬಹುದು ಎಂಬುದನ್ನೂ ವರದಿ ನೇರವಾಗಿ ಬರೆಯಬೇಕು. ಚಾವಣಿಯಿಂದ ಬಾವಿಗೆ ಹೋಗುವುದು ವರ್ಷಕ್ಕೆ ಸುಮಾರು 70,000 ಲೀಟರ್. ಶಾಲೆ ಕೊಳವೆಬಾವಿಯಿಂದ ಎತ್ತುವುದು ಅದರ ಹತ್ತು ಪಟ್ಟು. ಕೋಲಾರದ ಕೆಳಗಿರುವುದು ಗಟ್ಟಿ ಗ್ರಾನೈಟು, ನೈಸ್ ಬಂಡೆ. ಅಲ್ಲಿನ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಬಿರುಕುಗಳಿಂದ ನೀರು ಹೀರುತ್ತವೆ. ಆರು ಮೀಟರ್ ಆಳದಲ್ಲಿ ಬಿಟ್ಟ ನೀರು ಮೇಲಿನ ಮೆತು ಪದರವನ್ನು ತೋಯಿಸಿ ಸುತ್ತಲಿನ ತೆರೆದ ಬಾವಿ, ಮರಗಳಿಗೆ ಒದಗುವುದು ಖಚಿತ. ಅದೇ ಆವರಣದ ಕೊಳವೆಬಾವಿಗೇ ವಾಪಸ್ಸು ಬರುತ್ತದೆ ಎಂದು ಬರೆದುಕೊಡುವಂತಿಲ್ಲ.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಕಾಮಗಾರಿ ಮುಗಿದ ಮೇಲೆ ವ್ಯವಸ್ಥೆ ನಡೆಯುತ್ತಿದೆಯೇ ಎಂದು ಮಕ್ಕಳೇ ಅಳೆಯಬಹುದು. ಎರಡೂ ತೊಟ್ಟಿಗಳ ತಳದ ವಿಸ್ತೀರ್ಣ ಒಟ್ಟು 25 ಚದರ ಮೀಟರ್. ಪ್ರತಿ ಮಿಲಿಮೀಟರ್ ಮಳೆಗೆ 288 ಲೀಟರ್ ಬಂದರೆ ಎರಡೂ ತೊಟ್ಟಿಗಳಲ್ಲಿ ನೀರು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಏರಬೇಕು. ಶಾಲೆಯ ಮಳೆಮಾಪಕ 20 ಮಿ.ಮೀ. ತೋರಿಸಿದ ಬೆಳಿಗ್ಗೆ ತೊಟ್ಟಿಯ ಪಕ್ಕದ ಪಾರದರ್ಶಕ ಕೊಳವೆಯಲ್ಲಿ ನೀರು 23 ಸೆಂಟಿಮೀಟರ್ ಏರಿರಬೇಕು. ಹದಿನೈದು ಏರಿದ್ದರೆ ದೋಣಿ ಎಲ್ಲೋ ಚೆಲ್ಲುತ್ತಿದೆ. ಹತ್ತಕ್ಕಿಂತ ಕಡಿಮೆಯಾದರೆ ಒಂದು ಇಳಿಪೈಪು ಕಟ್ಟಿಕೊಂಡಿದೆ ಅಥವಾ ಶೋಧಕ ನೀರನ್ನು ಹೊರಗೆ ತಳ್ಳುತ್ತಿದೆ. ಸೋರಿಕೆಯ ಪರೀಕ್ಷೆ ಇನ್ನೂ ಸರಳ. ಮಳೆಯಿಲ್ಲದ ವಾರ ಶನಿವಾರ ಮಧ್ಯಾಹ್ನ ನಲ್ಲಿ ಮುಚ್ಚಿ ಮಟ್ಟ ಬರೆದಿಟ್ಟು ಸೋಮವಾರ ನೋಡಬೇಕು. ಒಂದು ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ 125 ಲೀಟರ್ ಹೋಗಿದೆ.

ಮೇ ಕೊನೆಯ ವಾರ ತಾರಸಿ ಗುಡಿಸುವುದು, ದೋಣಿಯ ಎಲೆ ತೆಗೆಯುವುದು, ತೊಟ್ಟಿ ತೊಳೆಯುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಶೋಧಕದ ಜಾಲರಿ ತೊಳೆಯುವುದು. ಬೇಸಿಗೆಯಲ್ಲಿ ಇಂಗುಬಾವಿಯ ಹೂಳು ತೆಗೆಯುವುದು. ಯಾವ ಕೆಲಸ ಯಾರದು, ಅದಕ್ಕೆ ಹಣ ಶಾಲಾಭಿವೃದ್ಧಿ ಸಮಿತಿಯ ಯಾವ ಬಾಬ್ತಿನಿಂದ ಎಂಬುದು ನಕ್ಷೆಯಷ್ಟೇ ಸ್ಪಷ್ಟವಾಗಿ ವರದಿಯಲ್ಲಿರಬೇಕು.

ಎಲ್ಲ ಶಾಲೆಗೂ ಒಂದೇ ಸಲ ಇಷ್ಟು ಹಣ ಸಿಗುವುದಿಲ್ಲ. ಅದಕ್ಕೂ ತಿಂಗಳವಾರು ಲೆಕ್ಕದಲ್ಲೇ ಉತ್ತರವಿದೆ. ಅಡುಗೆಯನ್ನು ಬಿಟ್ಟು ಕುಡಿಯುವುದಕ್ಕೆ ಮಾತ್ರ ತಲೆಗೆ ಒಂದೂವರೆ ಲೀಟರ್ ಎಂದುಕೊಂಡರೆ ದಿನಕ್ಕೆ 300 ಲೀಟರ್ ಸಾಕು. ಹೆಂಚಿನ ಕಟ್ಟಡವನ್ನೂ ಬಿಟ್ಟು ಆರ್‌ಸಿಸಿ ತಾರಸಿಯ ನೀರನ್ನಷ್ಟೇ ಹಿಡಿದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕೊರತೆ 22,000 ಲೀಟರ್ ಚಿಲ್ಲರೆ. ಒಂದೇ ತೊಟ್ಟಿ ಅದನ್ನು ತುಂಬಿಕೊಡುತ್ತದೆ. ಹಾಗಾಗಿ ಮೊದಲ ವರ್ಷ ಆರ್‌ಸಿಸಿ ತಾರಸಿ, 500 ಲೀಟರಿನ ಕೊಳೆನೀರಿನ ಟ್ಯಾಂಕು, ಒಂದು ಶೋಧಕ, 25,000 ಲೀಟರಿನ ಒಂದು ತೊಟ್ಟಿ, ಉಕ್ಕಿದ ನೀರು ಮೈದಾನದ ತಗ್ಗಿಗೆ ಹೋಗಲು ಒಂದು ಕಾಲುವೆ. ಎರಡನೆಯ ವರ್ಷ ಹೆಂಚಿನ ಸೂರಿಗೆ ದೋಣಿ, ಎರಡನೆಯ ತೊಟ್ಟಿ, ಬಿಸಿಯೂಟಕ್ಕೂ ಮಳೆನೀರು. ಉಕ್ಕಿ ಹೋಗುವ ನೀರು ನಿಜವಾಗಿ ಎಷ್ಟು ಎಂದು ಎರಡು ಮಳೆಗಾಲ ಅಳೆದ ಮೇಲೆ, ಮೂರನೆಯ ವರ್ಷ ಇಂಗುಬಾವಿಗಳು.